ಆರು ತಿಂಗಳಿಂದ ಬಿಡದ ತುರಿಕೆ: ಚರ್ಮದ ಡಾಕ್ಟರಿಗೆ ಪತ್ರ

ತಿಪಟೂರು
8 ಜನವರಿ 2025

ಡಾಕ್ಟರ್ ಅವರಿಗೆ ನಮಸ್ಕಾರ.

ಶುಕ್ರವಾರ ನಿಮಗೆ ತೋರಿಸಲು ಹೆಸರು ಬರೆಸಿದ್ದೇನೆ. ಎದುರಿಗೆ ಕೂತಾಗ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ತರುತ್ತಿದ್ದೇನೆ. ನನಗೆ 41 ವರ್ಷ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ದಿನಕ್ಕೆ ಏಳೆಂಟು ಗಂಟೆ ಮಿಷನ್ ಮುಂದೆ ಕೂತಿರುತ್ತೇನೆ.

ಶುರುವಾಗಿದ್ದು ಜುಲೈ ಎರಡನೇ ವಾರ. ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಎಡಗಡೆ, ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಗುಂಡು. ಅಂಚಿನಲ್ಲಿ ಸಣ್ಣ ಗುಳ್ಳೆ, ನಡುವೆ ಚರ್ಮ ಮಾಮೂಲಿನ ಹಾಗೇ ಇತ್ತು. ಹುಳಕಡ್ಡಿ ಅಂದರು ನಮ್ಮತ್ತೆ. ಬೇವಿನ ಸೊಪ್ಪು, ಅರಿಶಿನ ಅರೆದು ಹತ್ತು ದಿನ ಹಚ್ಚಿದೆ. ಉರಿ ಜಾಸ್ತಿಯಾಗಿ ಬಿಟ್ಟೆ.

ಆಗಸ್ಟ್ ಮೊದಲ ವಾರ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ಚೀಟಿ ಇರಲಿಲ್ಲ. ಅದರ ಮೇಲೆ ಕ್ಲೋಬೆಟಾಸಾಲ್, ನಿಯೋಮೈಸಿನ್, ಮೈಕೊನಜೋಲ್ ಎಂದಿದೆ. ಖಾಲಿ ಟ್ಯೂಬನ್ನೂ ತರುತ್ತೇನೆ. ನಾಲ್ಕೇ ದಿನಕ್ಕೆ ತುರಿಕೆ ನಿಂತಿತು, ಎಷ್ಟು ಖುಷಿಯಾಗಿತ್ತು. ಹಚ್ಚುವುದು ಬಿಟ್ಟ ವಾರಕ್ಕೆ ಮತ್ತೆ ಬಂತು, ಈ ಸಲ ಅಂಗೈಯಗಲ. ಮತ್ತೆ ಹಚ್ಚಿದೆ, ಹೋಯಿತು, ಮತ್ತೆ ಬಂತು. ಹೀಗೆ ಐದು ಟ್ಯೂಬ್ ಮುಗಿದವು. ಸೆಪ್ಟೆಂಬರ್ ಕೊನೆಗೆ ತೊಡೆಸಂದಿಗೂ ಇಳಿಯಿತು.

ಅಕ್ಟೋಬರ್ 5ಕ್ಕೆ ಇಲ್ಲಿನ ಒಬ್ಬ ಡಾಕ್ಟರಿಗೆ ತೋರಿಸಿದೆ. ಇಟ್ರಾಕೊನಜೋಲ್ 100 ಮಿಲಿಗ್ರಾಂ ದಿನಕ್ಕೆ ಎರಡು, ರಾತ್ರಿ ಲಿವೊಸಿಟ್ರಿಜಿನ್ 5 ಮಿಲಿಗ್ರಾಂ, ಹಚ್ಚಲು ಲುಲಿಕೊನಜೋಲ್ ಕೊಟ್ಟರು. 14 ದಿನ ತಪ್ಪದೆ ತೆಗೆದುಕೊಂಡೆ. ಮುಕ್ಕಾಲು ಪಾಲು ವಾಸಿಯಾಯಿತು. ಮತ್ತೆ ಬನ್ನಿ ಅಂದಿದ್ದರು. ದೀಪಾವಳಿಯ ಬ್ಲೌಸುಗಳು ತುಂಬಾ ಬಂದಿದ್ದವು, ಹೋಗಲಿಲ್ಲ. ಅದು ನನ್ನದೇ ತಪ್ಪು. ನವೆಂಬರ್ ನಡುವೆ ಪುನಃ ಶುರುವಾದಾಗ ಹಳೇ ಟ್ಯೂಬನ್ನೇ ಹಚ್ಚಿದೆ.

ಸೋಪು ಮೂರು ಸಲ ಬದಲಿಸಿದ್ದೇನೆ. ಸ್ನಾನದ ನೀರಿಗೆ ಒಂದು ತಿಂಗಳು ಆ್ಯಂಟಿಸೆಪ್ಟಿಕ್ ಹಾಕಿಕೊಂಡೆ, ಚರ್ಮ ಒಣಗಿ ಬಿರಿಯಿತು. ಸೊಂಟಕ್ಕೆ ಪೌಡರ್ ಹಾಕುವ ಅಭ್ಯಾಸ ಮೊದಲಿಂದಲೂ ಇದೆ. ಟ್ಯೂಬನ್ನು ಡಿಸೆಂಬರ್ 26ರಿಂದ ಪೂರ್ತಿ ನಿಲ್ಲಿಸಿದ್ದೇನೆ. ಆಮೇಲೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಹಚ್ಚಿಲ್ಲ.

ಈಗ ಸೊಂಟದ ಸುತ್ತ ಮುಕ್ಕಾಲು ಭಾಗ ಇದೆ. ಮೊದಲಿನ ಹಾಗೆ ಗುಂಡಗಿಲ್ಲ, ಅಂಚೇ ಗೊತ್ತಾಗುವುದಿಲ್ಲ. ತೊಡೆಸಂದಿಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಬಸುರಿಯಾದಾಗ ಹೊಟ್ಟೆ ಮೇಲೆ ಬಂದಿದ್ದಂಥ ಗೆರೆಗಳು ಬಿದ್ದಿವೆ. ಅದೇ ಭಯ ನನಗೆ. ರಾತ್ರಿ ನಿದ್ದೆಯಲ್ಲೇ ಕೆರೆದುಕೊಂಡು ಬೆಳಿಗ್ಗೆ ಉಗುರಲ್ಲಿ ರಕ್ತ ಇರುತ್ತದೆ.

ಯಜಮಾನರಿಗೂ ತೊಡೆಯಲ್ಲಿದೆ, ಅವರು ಹೇಳಿದ್ದು ಮೊನ್ನೆ. ಮಗನ ಕುತ್ತಿಗೆಯಲ್ಲಿ ಒಂದು ಗುಂಡು ಬಂದಿದೆ, ಅವನಿಗೆ 12 ವರ್ಷ. ಟವೆಲ್ ಒಂದೇ ಬಳಸುತ್ತಿದ್ದೆವು, ಈಗ ಬೇರೆ ಮಾಡಿದ್ದೇನೆ. ಇಬ್ಬರನ್ನೂ ಕರೆತರುತ್ತೇನೆ.

ಥೈರಾಯ್ಡ್‌ಗೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ನಾಲ್ಕು ವರ್ಷದಿಂದ ನಡೆಯುತ್ತಿದೆ. ಅಕ್ಟೋಬರಿನಲ್ಲಿ ಖಾಲಿ ಹೊಟ್ಟೆಯ ಶುಗರ್ 118 ಇತ್ತು. ಲಿವರ್ ಪರೀಕ್ಷೆ ಮಾಡಿಸಿಲ್ಲ. ಸಲ್ಫಾ ಮಾತ್ರೆ ನನಗೆ ಆಗುವುದಿಲ್ಲ, ಹಿಂದೊಮ್ಮೆ ಮೈಯೆಲ್ಲ ದದ್ದು ಎದ್ದಿತ್ತು.

ಚರ್ಮ ಕೆರೆದು ಪರೀಕ್ಷೆ ಮಾಡಬೇಕಾಗುತ್ತದಾ? ಆ ಗೆರೆಗಳು ಹೋಗುತ್ತವಾ? ಈ ಸಲ ಎಷ್ಟು ತಿಂಗಳಾದರೂ ನೀವು ಹೇಳುವವರೆಗೆ ಮಾತ್ರೆ ಬಿಡುವುದಿಲ್ಲ. ಜುಲೈಯಿಂದ ತೆಗೆದ ಫೋಟೋಗಳು ಮೊಬೈಲಿನಲ್ಲಿವೆ, ತೋರಿಸುತ್ತೇನೆ.

ಇಂತಿ,
ಸುಮಿತ್ರಾ