10 ಲಕ್ಷ ವ್ಯೂಸ್ ಗ್ಯಾರಂಟಿ ಕೇಳಿದ ನಿಮ್ಮ ಮೆಸೇಜ್‌ಗೆ ಉತ್ತರ

ದಾವಣಗೆರೆ
18 ಆಗಸ್ಟ್ 2025

ತಿಪ್ಪೇಸ್ವಾಮಿ ಅವರಿಗೆ ನಮಸ್ಕಾರ.

ನಿಮ್ಮ ಮೆಸೇಜ್ ಓದಿದೆ, ವಾಯ್ಸ್ ನೋಟ್‌ಗಳನ್ನೂ ಕೇಳಿದೆ. ಚಳ್ಳಕೆರೆಯ ನಿಮ್ಮ ಮರಗಾಣದ ಶೇಂಗಾ ಎಣ್ಣೆಗೆ ದೀಪಾವಳಿಯೊಳಗೆ ಒಂದು ರೀಲ್ ಬೇಕು. ಅದಕ್ಕೆ 50,000 ರೂಪಾಯಿ ಕೊಡುತ್ತೀರಿ. ಆದರೆ 10 ಲಕ್ಷ ವ್ಯೂಸ್ ಬರಲೇಬೇಕು, ಬರದಿದ್ದರೆ ಒಂದು ರೂಪಾಯಿಯೂ ಇಲ್ಲ. ನಾನು ಅರ್ಥ ಮಾಡಿಕೊಂಡಿರುವುದು ಇಷ್ಟು.

ಆ ಗ್ಯಾರಂಟಿ ನಾನು ಕೊಡಲಾರೆ. ಹಣ ಕಡಿಮೆ ಆಯಿತು ಅಂತಲ್ಲ, ಎರಡು ಲಕ್ಷ ಕೊಡುತ್ತೇನೆಂದರೂ ಉತ್ತರ ಇದೇ. ಸ್ಕ್ರಿಪ್ಟ್ ನನ್ನ ಕೈಯಲ್ಲಿದೆ. ಅದನ್ನು ಯಾರಿಗೆ, ಎಷ್ಟು ಜನಕ್ಕೆ ತೋರಿಸಬೇಕು ಅನ್ನುವುದು ಇನ್‌ಸ್ಟಾಗ್ರಾಂ, ಯೂಟ್ಯೂಬ್ ಕೈಯಲ್ಲಿದೆ. ನೀವು ಮಾದರಿ ಅಂತ ಕಳಿಸಿದ ಬೆಣ್ಣೆದೋಸೆ ರೀಲ್‌ನ ಪೇಜ್ ತೆರೆದು, ಅದರ ಹಿಂದೆ ಮುಂದೆ ಇರುವ ಹತ್ತು ರೀಲ್‌ಗಳ ವ್ಯೂಸ್ ನೋಡಿ. ಅದೇ ಹೋಟೆಲ್, ಅದೇ ಕ್ಯಾಮೆರಾ, ಅದೇ ದನಿ, ಆದರೂ ಹೆಚ್ಚಿನವು ಕೆಲವು ಸಾವಿರದಲ್ಲೇ ನಿಂತಿವೆ. ಒಂದು ಹಾರಿದ್ದು ಯಾಕೆ ಅಂತ ಅದನ್ನು ಮಾಡಿದವರಿಗೆ ಗೊತ್ತಿದ್ದಿದ್ದರೆ ಉಳಿದವನ್ನೂ ಹಾಗೇ ಮಾಡುತ್ತಿದ್ದರು.

"ಬೇರೆ ಏಜೆನ್ಸಿಯವರು ಗ್ಯಾರಂಟಿ ಕೊಡ್ತಾರೆ" ಅಂದಿರಿ. ಕೊಡುತ್ತಾರೆ. ಅದಕ್ಕಿರುವ ದಾರಿ ಎರಡೇ. ಒಂದು, ನಿಮ್ಮ ಹಣದಲ್ಲೇ ಜಾಹೀರಾತು ಹಾಕಿ ವ್ಯೂಸ್ ಖರೀದಿಸುವುದು. ಇದು ತಪ್ಪಲ್ಲ, ಆದರೆ ಅದನ್ನು ವೈರಲ್ ಅನ್ನುವಂತಿಲ್ಲ, ಹಣ ನಿಂತ ದಿನ ವ್ಯೂಸೂ ನಿಲ್ಲುತ್ತವೆ. ಇನ್ನೊಂದು, ನಕಲಿ ಖಾತೆಗಳಿಂದ ಸಂಖ್ಯೆ ಏರಿಸುವುದು. ಇದು ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎರಡರ ನಿಯಮಕ್ಕೂ ವಿರುದ್ಧ. ಸಿಕ್ಕಿಬಿದ್ದರೆ ವ್ಯೂಸ್ ಕಡಿತವಾಗುತ್ತದೆ, ಖಾತೆಗೂ ಕುತ್ತು. ಸಿಕ್ಕಿಬೀಳದಿದ್ದರೂ ಲಾಭವಿಲ್ಲ: ಎಣ್ಣೆ ಕೊಳ್ಳದ, ಕನ್ನಡ ಬಾರದ ಖಾತೆಗಳು ನಿಮ್ಮ ಪೇಜ್ ನೋಡುಗರು ಅಂತ ದಾಖಲಾಗುತ್ತವೆ, ಮುಂದಿನ ವಿಡಿಯೊ ಕೂಡ ಅಂಥವರ ಕಡೆಗೇ ಹೋಗುತ್ತದೆ. ಯಾರಾದರೂ ಗ್ಯಾರಂಟಿ ಕೊಟ್ಟರೆ "ವ್ಯೂಸ್ ಯಾವ ಊರಿನಿಂದ ಬಂತು, ಸರಾಸರಿ ಎಷ್ಟು ಸೆಕೆಂಡ್ ನೋಡಿದರು, ಸ್ಕ್ರೀನ್‌ಶಾಟ್ ಕೊಡಿ" ಅಂತ ಕೇಳಿ.

ವ್ಯೂ ಅನ್ನುವ ಲೆಕ್ಕವೇ ಈಗ ಸಡಿಲ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ. ಇಷ್ಟೇ ಹೊತ್ತು ನೋಡಬೇಕೆಂಬ ಮಿತಿ ಇಲ್ಲ. ಬೆರಳು ಮೇಲಕ್ಕೆ ಜಾರಿಸಿ ಹೋದವನೂ ಆ 10 ಲಕ್ಷದಲ್ಲಿ ಸೇರುತ್ತಾನೆ.

ಇನ್ನು ನಿಮ್ಮ ಕಡೆಯ ಲೆಕ್ಕಕ್ಕೆ ಬರೋಣ. ಎರಡು ಗಾಣ, ಒಂದು ಸಲಕ್ಕೆ 15 ಕೆ.ಜಿ. ಬೀಜ, ಅದರಿಂದ ಸುಮಾರು 6 ಲೀಟರ್, ದಿನಕ್ಕೆ ಎಂಟು ಸಲ ಅಂದಿರಿ. ಎರಡೂ ಸೇರಿ ದಿನಕ್ಕೆ 96 ಲೀಟರ್. 10 ಲಕ್ಷ ಜನ ನೋಡಿ, ಸಾವಿರಕ್ಕೆ ಒಬ್ಬರು ಎರಡು ಲೀಟರ್ ಆರ್ಡರ್ ಮಾಡಿದರು ಅಂತಿಟ್ಟುಕೊಳ್ಳಿ. ಸಾವಿರ ಆರ್ಡರ್, ಎರಡು ಸಾವಿರ ಲೀಟರ್. ರಜೆ ಇಲ್ಲದೆ ಗಾಣ ಓಡಿಸಿದರೂ ಮೂರು ವಾರ, ಎಣ್ಣೆ ತಿಳಿಯಾಗಲು ಬಿಡುವ ದಿನ ಬೇರೆ. ಈಗ ಪ್ಯಾಕಿಂಗ್‌ಗೆ ಇರುವುದು ನಿಮ್ಮ ತಮ್ಮ ಒಬ್ಬರೇ. ಹಬ್ಬಕ್ಕೆ ಅಂತ ಹಣ ಹಾಕಿದವರಿಗೆ ಹಬ್ಬ ಮುಗಿದ ಮೇಲೆ, ಅದೂ ಮುಚ್ಚಳ ಸೋರಿದ ಬಾಟಲಿ ತಲುಪಿದರೆ, ಅದೇ ರೀಲ್ ಕೆಳಗೆ ಬಂದು ಬೈಯುತ್ತಾರೆ. ಹಾಗಾಗಿ ನಿಮಗೆ ಬೇಕಾಗಿರುವುದು ದಿನಕ್ಕೆ 30ರಿಂದ 40 ಆರ್ಡರ್, ಅದೂ ಕೊರಿಯರ್ ಎರಡು ದಿನದಲ್ಲಿ ತಲುಪುವ ಊರುಗಳಿಂದ. ಅದಕ್ಕೆ 10 ಲಕ್ಷ ವ್ಯೂಸ್ ಬೇಕಾಗಿಲ್ಲ. ಚಿತ್ರದುರ್ಗ, ದಾವಣಗೆರೆ, ತುಮಕೂರು, ಬೆಂಗಳೂರಿನ ಸರಿಯಾದ ಮೂವತ್ತು ನಲವತ್ತು ಸಾವಿರ ಜನ ಪೂರ್ತಿ ನೋಡಿದರೆ ನಿಮ್ಮ ಗಾಣಕ್ಕೆ ಕೈತುಂಬ ಕೆಲಸ.

ನೀವು ಕೊಟ್ಟ ಪಟ್ಟಿ ಬಗ್ಗೆ. ಮೊದಲ ಐದು ಸೆಕೆಂಡ್ ಲೋಗೋ, ಆಮೇಲೆ ತಂದೆಯವರ ಫೋಟೊ, ನಾಲ್ಕು ಬಗೆಯ ಎಣ್ಣೆ, ಅಂಗಡಿ ವಿಳಾಸ, ಎರಡು ಫೋನ್ ನಂಬರ್, ಕೊನೆಗೆ ದೀಪಾವಳಿ ಶುಭಾಶಯ, ಎಲ್ಲಾ 30 ಸೆಕೆಂಡಿನಲ್ಲಿ. ಕನ್ನಡದಲ್ಲಿ ಉಸಿರು ಬಿಟ್ಟು ಮಾತಾಡಿದರೆ 30 ಸೆಕೆಂಡಿಗೆ 60 ಪದ ಹಿಡಿಸುತ್ತದೆ, ಅಷ್ಟೇ. ನಿಮ್ಮ ಪಟ್ಟಿ ಬರೆದು ನೋಡಿದರೆ 140 ಪದ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಆ ಲೋಗೋ. ಗೊತ್ತಿಲ್ಲದ ಲೋಗೋ ನೋಡಲು ಯಾರೂ ಐದು ಸೆಕೆಂಡ್ ಕಾಯುವುದಿಲ್ಲ. ನೋಡುವುದೋ ಬಿಡುವುದೋ ಅನ್ನುವ ತೀರ್ಮಾನ ಮೊದಲ ಎರಡು ಮೂರು ಸೆಕೆಂಡಿನಲ್ಲೇ ಆಗಿಬಿಡುತ್ತದೆ. ಲೋಗೋ ಬಾಟಲಿ ಮೇಲೆ ಇರಲಿ, ಬಾಟಲಿ ಫ್ರೇಮಿನಲ್ಲಿರಲಿ. ನಂಬರ್ ಕ್ಯಾಪ್ಷನ್‌ನಲ್ಲಿ. ಶುಭಾಶಯಕ್ಕೆ ಬೇರೆ ಸ್ಟೋರಿ ಹಾಕಿ.

ಮೂರು ವಿಷಯ ಮಾತ್ರ ನಾನು ಬರೆಯುವುದೇ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದು "ಹಾರ್ಟ್ ಅಟ್ಯಾಕ್ ಬರೋದಿಲ್ಲ, ಶುಗರ್ ಇಳಿಯುತ್ತೆ" ಅನ್ನುವ ಸಾಲು. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ, ಬಾರದಂತೆ ತಡೆಯುತ್ತದೆ ಅಂತ ಜಾಹೀರಾತಿನಲ್ಲಿ ಹೇಳುವುದಕ್ಕೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಲ್ಲಿ ಅವಕಾಶವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. "ಕೊಲೆಸ್ಟ್ರಾಲ್ ಇಲ್ಲ" ಅನ್ನುವುದೂ ಬೇಡ. ಯಾವ ಸಸ್ಯದ ಎಣ್ಣೆಯಲ್ಲೂ ಅದಿರುವುದಿಲ್ಲ, ನಿಮ್ಮದರ ಹೆಚ್ಚುಗಾರಿಕೆ ಅದಲ್ಲ.

ಎರಡನೆಯದು ಶೂಟಿಂಗ್ ದಿನಕ್ಕೆ ಜೋಡೆತ್ತು ಬಾಡಿಗೆಗೆ ತರುವ ವಿಚಾರ. ನಿಮ್ಮದು ಮೋಟಾರ್ ಗಾಣ. ಎತ್ತು ಕಟ್ಟಿ ತೋರಿಸಿ ಮೋಟಾರಿನಲ್ಲಿ ತೆಗೆದ ಎಣ್ಣೆ ಮಾರಿದರೆ ಅದು ಸುಳ್ಳು. ಚಳ್ಳಕೆರೆಯಲ್ಲಿ ಎಣ್ಣೆಯ ಕಸುಬು ಬಲ್ಲವರಿಗೆ ಬರವಿಲ್ಲ, ಮೊದಲ ಕಾಮೆಂಟೇ ಅದಾಗಿರುತ್ತದೆ. ಮೋಟಾರ್ ಇದ್ದರೇನು, ಒನಕೆ ಮರದ್ದೇ ತಾನೆ, ಅದನ್ನೇ ಹತ್ತಿರದಿಂದ ತೋರಿಸೋಣ.

ಮೂರನೆಯದು ಸಿನಿಮಾ ಹಾಡು. ಹಾಡಿನ ಹಕ್ಕು ನಿಮ್ಮಲ್ಲಿಲ್ಲ. ವ್ಯಾಪಾರದ ವಿಡಿಯೊಗೆ ಹಾಕಿದರೆ ಶಬ್ದ ಬಂದ್ ಆಗಬಹುದು, ವಿಡಿಯೊನೇ ತೆಗೆಯಬಹುದು. ಗಾಣ ತಿರುಗುವ ಕಿರ್ ಶಬ್ದಕ್ಕಿಂತ ಒಳ್ಳೆಯ ಹಿನ್ನೆಲೆ ಸಂಗೀತ ನಿಮಗೆ ಸಿಗುವುದಿಲ್ಲ. ಅದನ್ನು ಕಾಲರ್ ಮೈಕಿನಲ್ಲಿ ಪ್ರತ್ಯೇಕ ರೆಕಾರ್ಡ್ ಮಾಡಿಸಿ, ಮೊಬೈಲ್ ಮೈಕ್ ಆದರೆ ಮೋಟಾರಿನ ಗುಂಯ್ ಎಲ್ಲವನ್ನೂ ನುಂಗುತ್ತದೆ.

ಈಗ ನಾನು ಮಾಡಿಕೊಡಬಲ್ಲದ್ದು. ಒಂದು ವಿಡಿಯೊ ಮೇಲೆ ಎಲ್ಲಾ ಭಾರ ಹಾಕುವ ಬದಲು ನಾಲ್ಕು ಸ್ಕ್ರಿಪ್ಟ್. ವಿಷಯಗಳು ನಿಮ್ಮ ಗಿರಾಕಿಗಳ ದೂರುಗಳಿಂದಲೇ ಬಂದಿವೆ: ತಳದಲ್ಲಿ ಗಸಿ ಯಾಕಿದೆ, ರಿಫೈಂಡ್ ಎಣ್ಣೆಗಿಂತ ಇಷ್ಟೊಂದು ದುಬಾರಿ ಯಾಕೆ, ಬಜ್ಜಿ ಕರಿಯುವಾಗ ನೊರೆ ಯಾಕೆ ಬರುತ್ತದೆ, ಉಳಿದ ಹಿಂಡಿ ಎಲ್ಲಿಗೆ ಹೋಗುತ್ತದೆ. ನೀವು ಫೋನಿನಲ್ಲಿ ದಿನಾ ಕೊಡುವ ಉತ್ತರಗಳೇ ಇವು, ಕ್ಯಾಮೆರಾ ಮುಂದೆ ಹೇಳಿಸುತ್ತೇನೆ. ಮೊದಲನೆಯದರ ಕರಡು ಹೀಗಿದೆ:

ದೃಶ್ಯ 1 (0–3 ಸೆಕೆಂಡ್): ಬಾಟಲಿ ತಲೆಕೆಳಗೆ. ಗಸಿ ನಿಧಾನ ಜಾರುತ್ತದೆ. ದನಿ: "ಈ ಎಣ್ಣೆ ಹಾಳಾಗಿದೆ ಅಂತ ಒಬ್ರು ವಾಪಸ್ ಕಳ್ಸಿದ್ರು."
ದೃಶ್ಯ 2 (3–12): ಗಾಣದೊಳಗೆ ಬೀಜ ಪುಡಿಯಾಗಿ, ಮುದ್ದೆಯಾಗಿ, ಅಂಚಿನಲ್ಲಿ ಎಣ್ಣೆ ಜಿನುಗುವುದು. "ಹಾಳಾಗಿಲ್ಲ. ಶೇಂಗಾದ ನುಣ್ಣನೆ ಪುಡಿ ಎಣ್ಣೆ ಜೊತೇಲೇ ಇಳೀತದೆ."
ದೃಶ್ಯ 3 (12–22): ಈಗ ತೆಗೆದ ಮಸುಕು ಎಣ್ಣೆ, ಮೂರು ದಿನ ಬಿಟ್ಟ ತಿಳಿ ಎಣ್ಣೆ, ಪಕ್ಕಪಕ್ಕ ಎರಡು ಗಾಜಿನ ಲೋಟ. "ನಾವು ಕಾಯ್ತೀವಿ, ಬಟ್ಟೇಲಿ ಸೋಸ್ತೀವಿ. ಆದ್ರೂ ಒಂಚೂರು ಉಳೀತದೆ."
ದೃಶ್ಯ 4 (22–28): ನೀವು, ಕ್ಯಾಮೆರಾ ನೋಡಿ. "ವಾಸನೆ ಕಮಟಾಗಿದ್ರೆ ಮಾತ್ರ ವಾಪಸ್ ಕಳ್ಸಿ, ದುಡ್ಡು ಕೊಡ್ತೀನಿ."

ಆ ಕೊನೆಯ ಸಾಲು ನಿಮಗೆ ಒಪ್ಪಿಗೆಯಿದ್ದರೆ ಮಾತ್ರ ಇರಲಿ. ಹೇಳಿದ ಮೇಲೆ ದುಡ್ಡು ಕೊಡಲೇಬೇಕಾಗುತ್ತದೆ.

ಪ್ರತಿ ಸ್ಕ್ರಿಪ್ಟಿಗೂ ಮೂರು ಬೇರೆ ಬೇರೆ ಶುರುವಾತು ಬರೆದುಕೊಡುತ್ತೇನೆ. ಉಳಿದ ಭಾಗ ಒಂದೇ, ಮೊದಲ ಮೂರು ಸೆಕೆಂಡ್ ಮಾತ್ರ ಮೂರು ಸಲ ಶೂಟ್ ಮಾಡಿಸಿ. ಇನ್‌ಸ್ಟಾಗ್ರಾಂನಲ್ಲಿ ಟ್ರಯಲ್ ರೀಲ್ ಅಂತ ಒಂದಿದೆ, ನಿಮ್ಮ ಫಾಲೋವರ್‌ಗಳಿಗೆ ಕಾಣದೆ ಮೊದಲು ಹೊರಗಿನವರಿಗೆ ಹೋಗುತ್ತದೆ. ನಿಮ್ಮದು ಬಿಸಿನೆಸ್ ಖಾತೆ, 2,300 ಫಾಲೋವರ್ಸ್ ಇದ್ದಾರೆ, ಆ ಸೌಲಭ್ಯ ಸಿಗಬೇಕು. ಮೂರನ್ನೂ ಒಂದೊಂದು ದಿನ ಬಿಟ್ಟು ಹಾಕಿ, ಮೂರು ಮೂರು ದಿನ ನೋಡಿ, ಗೆದ್ದದ್ದನ್ನು ಎಲ್ಲರಿಗೂ ಬಿಡಿ. ಶುರುವಿನಲ್ಲೇ ಜನ ಬಿಟ್ಟು ಹೋದರೆ ತಪ್ಪು ಮೊದಲ ಸಾಲಿನದು, ನಾನು ಬದಲಾಯಿಸುತ್ತೇನೆ. ನಡುವೆ ಬಿಟ್ಟರೆ ಎಡಿಟಿಂಗ್ ಎಳೆದಿದೆ. ಪೂರ್ತಿ ನೋಡಿಯೂ ಯಾರೂ ಯಾರಿಗೂ ಕಳಿಸದಿದ್ದರೆ ವಿಷಯವೇ ಸಪ್ಪೆ. ಆ ಕಳಿಸುವುದು ಮುಖ್ಯ: ನೋಡಿದ ಹೊತ್ತು, ಲೈಕ್, ಬೇರೆಯವರಿಗೆ ಕಳಿಸಿದ್ದು, ಈ ಮೂರಕ್ಕೆ ಹೆಚ್ಚು ತೂಕ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ್ದಾರೆ. ಹೊಸಬರನ್ನು ತಲುಪಲು ಕಳಿಸಿದ್ದಕ್ಕೇ ಬೆಲೆ ಜಾಸ್ತಿ.

ಬೂಸ್ಟ್ ಮಾಡುವುದಾದರೆ ಗೆದ್ದ ಒಂದಕ್ಕೆ ಮಾತ್ರ. ದಿನಕ್ಕೆ 500ರಂತೆ ಏಳು ದಿನ, 18% ಜಿಎಸ್‌ಟಿ ಸೇರಿ 4,130 ರೂಪಾಯಿ. ಮೇಲೆ ಹೇಳಿದ ನಾಲ್ಕು ಜಿಲ್ಲೆಗೆ ಸೀಮಿತ ಮಾಡಿ, ಒತ್ತಿದರೆ ನೇರ ವಾಟ್ಸಾಪ್ ತೆರೆಯುವಂತೆ ಇಡಿ. ಅಲ್ಲಿಗೆ ಬರುವ ಮೆಸೇಜ್‌ಗೆ ಹತ್ತು ನಿಮಿಷದಲ್ಲಿ ಉತ್ತರ ಕೊಡುವ ಒಬ್ಬರು ಬೇಕು, ಇಲ್ಲದಿದ್ದರೆ ಆ ಹಣವೂ ದಂಡ. ಯಾವ ವಿಡಿಯೊ ನೋಡಿ ಬಂದರು ಅಂತ ತಿಳಿಯಲು ಒಂದೊಂದರ ಕ್ಯಾಪ್ಷನ್‌ಗೂ ಒಂದೊಂದು ಪದ ಕೊಡುತ್ತೇನೆ, ಗಸಿ, ನೊರೆ, ಹೀಗೆ. ಅದನ್ನೇ ಮೆಸೇಜ್ ಮಾಡಲು ಹೇಳೋಣ.

ನನ್ನ ಶುಲ್ಕ ನಾಲ್ಕು ಸ್ಕ್ರಿಪ್ಟಿಗೆ 32,000. ಅರ್ಧ ಮುಂಗಡ, ಉಳಿದರ್ಧ ಅಂತಿಮ ಸ್ಕ್ರಿಪ್ಟ್ ಕೊಟ್ಟ ದಿನ. ಪ್ರತಿಯೊಂದಕ್ಕೂ ಎರಡು ಸಲ ತಿದ್ದುಪಡಿ, ಟ್ರಯಲ್ ಆದ ಮೇಲಿನ ಒಂದು ಬದಲಾವಣೆ ಇದರಲ್ಲೇ ಸೇರಿದೆ. ಶೂಟಿಂಗ್, ಎಡಿಟಿಂಗ್, ಬೂಸ್ಟ್ ಖರ್ಚು ನಿಮ್ಮದು. ವ್ಯೂಸ್‌ಗೂ ನನ್ನ ಹಣಕ್ಕೂ ಸಂಬಂಧವಿಲ್ಲ: ಹತ್ತು ಲಕ್ಷ ಬಂದರೂ ಹೆಚ್ಚು ಕೇಳುವುದಿಲ್ಲ, ಐದು ಸಾವಿರಕ್ಕೆ ನಿಂತರೂ ವಾಪಸ್ ಕೊಡುವುದಿಲ್ಲ. ಸ್ಕ್ರಿಪ್ಟ್ ತಡವಾದರೆ ಮಾತ್ರ, ದಿನಕ್ಕೆ 500ರಂತೆ ನೀವು ಕಡಿತ ಮಾಡಿಕೊಳ್ಳಬಹುದು.

ದೀಪಾವಳಿ ಅಕ್ಟೋಬರ್ 20ಕ್ಕೆ ಶುರು. ಟ್ರಯಲ್‌ಗೆ ಸಮಯ ಬೇಕಾದ್ದರಿಂದ ಶೂಟಿಂಗ್ ಸೆಪ್ಟೆಂಬರ್ ಎರಡನೇ ವಾರದೊಳಗೆ ಮುಗಿಯಬೇಕು, ಅದಕ್ಕೆ ಸ್ಕ್ರಿಪ್ಟ್ ಸೆಪ್ಟೆಂಬರ್ 5ಕ್ಕೆ ನಿಮ್ಮ ಕೈಲಿರುತ್ತದೆ. ಒಪ್ಪಿಗೆಯಾದರೆ ಇದೇ 23ರ ಶನಿವಾರದೊಳಗೆ ತಿಳಿಸಿ. ಒಪ್ಪಿಗೆಯಾಗದಿದ್ದರೂ ಒಂದು ಸಾಲು ಹಾಕಿ, ಆ ದಿನಗಳನ್ನು ಬೇರೆಯವರಿಗೆ ಕೊಡುತ್ತೇನೆ.

ಅಷ್ಟರಲ್ಲಿ ನಿಮ್ಮಿಂದ ಒಂದು ಕೆಲಸವಾಗಬೇಕು. ಒಂದು ಲೀಟರ್ ಎಣ್ಣೆಗೆ ಎಷ್ಟು ಬೀಜ ಹೋಗುತ್ತದೆ, ಎಷ್ಟು ಹಿಂಡಿ ಉಳಿಯುತ್ತದೆ ಅಂತ ಒಂದು ಸಲ ತಕ್ಕಡಿಗಿಟ್ಟು ತೂಗಿ ಬರೆದಿಡಿ. ನೀವು ಹೇಳಿದ 15 ಕೆ.ಜಿ.ಗೆ 6 ಲೀಟರ್ ಪ್ರಕಾರ ಲೀಟರಿಗೆ ಎರಡೂವರೆ ಕೆ.ಜಿ. ಆಗುತ್ತದೆ, ಬೀಜ ಕೆ.ಜಿ.ಗೆ 120 ಹಿಡಿದರೆ ಬೀಜಕ್ಕೇ 300 ರೂಪಾಯಿ. ಬೆಲೆ ಯಾಕೆ ಜಾಸ್ತಿ ಅನ್ನುವ ಎರಡನೇ ಸ್ಕ್ರಿಪ್ಟ್ ನಿಂತಿರುವುದೇ ಆ ಅಂಕಿ ಮೇಲೆ, ಅಂದಾಜಿನಲ್ಲಿ ಬರೆಯಲು ಮನಸ್ಸಿಲ್ಲ.

ಇಂತಿ,
ಮಂಜುಳಾ
ಸ್ಕ್ರಿಪ್ಟ್ ಬರಹಗಾರ್ತಿ, ದಾವಣಗೆರೆ