ಆವರಣದ ನೀರು ಸೋರಿಕೆ ತಡೆ ಯೋಜನೆ: ಅಂತಿಮ ವರದಿಯ ಕಾರ್ಯನಿರ್ವಾಹಕ ಸಾರಾಂಶ

ಆಡಳಿತ ಮಂಡಳಿಯಿಂದ ಈ ವರದಿ ಮೂರು ತೀರ್ಮಾನಗಳನ್ನು ಕೋರುತ್ತದೆ. 6.2 ಕಿಲೋಮೀಟರ್ ಉದ್ದದ ನೆಲದಡಿಯ ಕೊಳವೆ ಜಾಲವನ್ನು ಪೂರ್ತಿ ಬದಲಿಸುವ ಹಳೆಯ ಪ್ರಸ್ತಾವವನ್ನು ಕೈಬಿಡಬೇಕು. ಪೂರ್ವ ಭಾಗದಲ್ಲಿರುವ 420 ಮೀಟರ್ ಬೀಡುಕಬ್ಬಿಣದ ಕೊಳವೆಯನ್ನು ಮಾತ್ರ ಮುಂದಿನ ರಜೆಯಲ್ಲಿ ಬದಲಿಸಬೇಕು. ಯೋಜನೆಗೆಂದು ನಿಯೋಜಿಸಿದ್ದ ಇಬ್ಬರು ಪ್ಲಂಬರ್‌ಗಳನ್ನು ನಿರ್ವಹಣಾ ವಿಭಾಗದಲ್ಲಿ ಕಾಯಂ ಆಗಿ ಉಳಿಸಿಕೊಳ್ಳಬೇಕು. ವರದಿಯ ಉಳಿದ ಭಾಗವನ್ನು ಓದಲು ಬಿಡುವಿಲ್ಲದ ಸದಸ್ಯರಿಗೂ ಈ ತೀರ್ಮಾನಕ್ಕೆ ಬೇಕಾದಷ್ಟು ಸಂಗತಿಗಳು ಇಲ್ಲಿಯೇ ಇವೆ.

ಹದಿನೆಂಟು ತಿಂಗಳ ಈ ಯೋಜನೆ ಆರಂಭವಾದಾಗ ಆವರಣದ 14 ಕಟ್ಟಡಗಳಿಗೆ ದಿನಕ್ಕೆ ಸರಾಸರಿ 6 ಲಕ್ಷ ಲೀಟರ್ ನೀರು ಹೋಗುತ್ತಿತ್ತು, ಈಗ 4.7 ಲಕ್ಷ ಲೀಟರ್ ಹೋಗುತ್ತಿದೆ. ಶೇ. 25ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದ್ದ ನಾವು ಸುಮಾರು ಶೇ. 22ಕ್ಕೆ ನಿಂತಿದ್ದೇವೆ. ರಜಾ ವಾರಗಳಲ್ಲಿ ಬಳಕೆ ತಾನಾಗಿಯೇ ಕುಸಿಯುವುದರಿಂದ, ಸಾಧನೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣಬಾರದೆಂದು ಆ ವಾರಗಳನ್ನು ಎರಡೂ ಲೆಕ್ಕಗಳಿಂದ ಹೊರಗಿಟ್ಟಿದ್ದೇವೆ. ಮಂಜೂರಾದ ಮೊತ್ತದಲ್ಲಿ ಶೇ. 94 ಖರ್ಚಾಗಿದೆ.

ಸೋರಿಕೆಯನ್ನು ಅಳೆಯಲು ರಾತ್ರಿ 2ರಿಂದ 4 ಗಂಟೆಯ ನಡುವಿನ ಹರಿವನ್ನು ಆಧಾರವಾಗಿ ಇಟ್ಟುಕೊಂಡೆವು. ಬಹುತೇಕ ಎಲ್ಲರೂ ಮಲಗಿರುವ ಆ ಹೊತ್ತಿನಲ್ಲಿ ಮುಖ್ಯ ಮೀಟರ್ ಓಡುತ್ತಿದೆ ಎಂದರೆ ಅದರಲ್ಲಿ ಹೆಚ್ಚಿನ ಪಾಲು ಪೋಲಾಗುತ್ತಿರುವ ನೀರೇ ಆಗಿರುತ್ತದೆ. ಮೊದಲು ಗಂಟೆಗೆ 11,000 ಲೀಟರ್ ಇದ್ದ ಈ ಹರಿವು ಈಗ 3,800 ಲೀಟರಿಗೆ ಇಳಿದಿದೆ. ಈ 7,200 ಲೀಟರ್ ಇಳಿಕೆ ಎಲ್ಲಿಂದ ಬಂತು ಎಂಬುದೇ ಈ ವರದಿಯ ಮುಖ್ಯ ಸಂಗತಿ. ನೆಲದಡಿಯ ಕೊಳವೆಗಳೇ ಸೋರುತ್ತಿವೆ ಎಂದು ನಾವೂ ಸೇರಿದಂತೆ ಎಲ್ಲರೂ ನಂಬಿದ್ದೆವು. ಆದರೆ ಅವುಗಳ ದುರಸ್ತಿಯಿಂದ ಉಳಿದದ್ದು 1,900 ಲೀಟರ್ ಮಾತ್ರ. ರಾತ್ರಿ ವೇಳೆ ಒತ್ತಡ ತಗ್ಗಿಸಿದ್ದರಿಂದ 600 ಲೀಟರ್ ಉಳಿಯಿತು. ಮಿಕ್ಕ 4,700 ಲೀಟರ್ ಉಳಿದದ್ದು ಓವರ್‌ಹೆಡ್ ಟ್ಯಾಂಕ್‌ಗಳ ಫ್ಲೋಟ್ ವಾಲ್ವ್ ಮತ್ತು ಶೌಚಾಲಯಗಳ ಫ್ಲಶ್ ಟ್ಯಾಂಕ್‌ಗಳನ್ನು ಸರಿಪಡಿಸಿದ್ದರಿಂದ.

ಒಂದು ಹಾಸ್ಟೆಲ್‌ನ ಟ್ಯಾಂಕ್‌ನಲ್ಲಿ ಫ್ಲೋಟ್ ವಾಲ್ವ್‌ನ ಚೆಂಡು ಬಿರುಕುಬಿಟ್ಟು, ಒಳಗೆ ನೀರು ತುಂಬಿಕೊಂಡು ಮುಳುಗಿಬಿಟ್ಟಿತ್ತು. ವಾಲ್ವ್ ಮುಚ್ಚುತ್ತಲೇ ಇರಲಿಲ್ಲ. ಹೆಚ್ಚುವರಿ ನೀರಿನ ಕೊಳವೆ ನೇರವಾಗಿ ಮಳೆನೀರಿನ ಚರಂಡಿಗೆ ಇಳಿದಿದ್ದರಿಂದ ಗಂಟೆಗೆ ಸುಮಾರು 1,400 ಲೀಟರ್ ಹರಿದುಹೋಗುತ್ತಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ, ಗೋಡೆ ಒದ್ದೆಯಾಗಲಿಲ್ಲ, ಒಂದು ದೂರೂ ಬರಲಿಲ್ಲ. ಫ್ಲಶ್ ಟ್ಯಾಂಕ್‌ಗಳ ಕಥೆಯೂ ಅಷ್ಟೇ. ಟ್ಯಾಂಕ್‌ಗೆ ಬಣ್ಣದ ನೀರು ಹಾಕಿ, ಫ್ಲಶ್ ಮಾಡದೆ ಹದಿನೈದು ನಿಮಿಷ ಕಾದು ನೋಡಿದ ಮೇಲಷ್ಟೇ ಎಷ್ಟು ಕಡೆ ನೀರು ಸದ್ದಿಲ್ಲದೆ ಇಳಿಯುತ್ತಿದೆ ಎಂಬುದು ಗೊತ್ತಾಯಿತು. ಇನ್ನು ಮುಂದೆ ಹೆಚ್ಚುವರಿ ನೀರಿನ ಕೊಳವೆಯ ಬಾಯಿ ಎಲ್ಲರಿಗೂ ಕಾಣುವಂತೆ ಇರಬೇಕೆಂದು ಎಲ್ಲ ಕಟ್ಟಡಗಳಲ್ಲೂ ಅವುಗಳ ಜಾಡನ್ನು ಬದಲಿಸಿದ್ದೇವೆ.

ನಮ್ಮ ತಪ್ಪುಗಳನ್ನೂ ದಾಖಲಿಸಬೇಕು. ಮೀಟರ್‌ಗಳು ಏಳು ವಾರ ತಡವಾಗಿ ಬಂದವು. ಆ ಅವಸರದಲ್ಲಿ ಎರಡು ಮೀಟರ್‌ಗಳನ್ನು ಕೊಳವೆಯ ತಿರುವಿಗೆ ತಾಗಿದಂತೆಯೇ ಅಳವಡಿಸಿದೆವು. ಮೀಟರ್‌ಗೆ ಮೊದಲು ನೇರ ಕೊಳವೆ ಇಲ್ಲದಿದ್ದರೆ ಸುಳಿಯೆದ್ದ ನೀರು ತಪ್ಪು ಅಳತೆ ಕೊಡುತ್ತದೆ, ಹೀಗಾಗಿ ಒಂದು ತಿಂಗಳ ಅಂಕಿಅಂಶಗಳನ್ನು ಕೈಬಿಡಬೇಕಾಯಿತು. ಗುರಿ ತಪ್ಪಿದ್ದಕ್ಕೆ ಇದು ಕಾರಣವಲ್ಲ.

ಕಾರಣ ಪೂರ್ವ ಭಾಗದ ಕೊಳವೆ. ಈಗ ಉಳಿದಿರುವ ರಾತ್ರಿ ಹರಿವಿನಲ್ಲಿ ಸುಮಾರು 1,500 ಲೀಟರ್ ಹಾಸ್ಟೆಲ್‌ಗಳ ನಿಜವಾದ ಬಳಕೆ ಎಂದು ಅಂದಾಜಿಸಿದ್ದೇವೆ. ನಡುರಾತ್ರಿಯಲ್ಲಿ ಒಂದೊಂದೇ ಕವಾಟವನ್ನು ಮುಚ್ಚುತ್ತಾ ಹೋದಾಗ, ಕಟ್ಟಡಗಳಿಗೆ ಹೋಗುವ ಕವಾಟಗಳು ಮೊದಲೇ ಮುಚ್ಚಿದ್ದರೂ, ಈ 420 ಮೀಟರ್ ಭಾಗವನ್ನು ಬೇರ್ಪಡಿಸಿದ ಕೂಡಲೇ ಹರಿವು 1,600 ಲೀಟರಿನಷ್ಟು ಇಳಿಯಿತು. ಅಲ್ಲಿ ಈಗಾಗಲೇ ಐದು ಕಡೆ ತೇಪೆ ಹಾಕಿದ್ದೇವೆ; ಆರನೆಯದರಿಂದ ಪ್ರಯೋಜನವಾದೀತೆಂಬ ಭರವಸೆ ನಮಗಿಲ್ಲ.

ಕಾಯಂ ಸಿಬ್ಬಂದಿಯ ಕೋರಿಕೆ ಖರ್ಚಿನ ದೃಷ್ಟಿಯಿಂದ ಮಂಡಳಿಗೆ ಒಗ್ಗದಿರಬಹುದು. ಆದರೆ ಬದಲಿಸಿದ 31 ಫ್ಲೋಟ್ ವಾಲ್ವ್‌ಗಳಲ್ಲಿ ಎರಡು ಕಳೆದ ಎರಡು ತಿಂಗಳಲ್ಲೇ ಮತ್ತೆ ಕೆಟ್ಟಿವೆ, ಅವು ಸಿಕ್ಕಿದ್ದು ಆ ಇಬ್ಬರು ಪ್ಲಂಬರ್‌ಗಳ ತಿಂಗಳ ತಪಾಸಣೆಯಲ್ಲಿ. ಪ್ರತಿ ತಿಂಗಳ ಮೊದಲ ಸೋಮವಾರ ರಾತ್ರಿ ಹರಿವನ್ನು ಅಳೆದು, ಅದು 4,500 ಲೀಟರ್ ದಾಟಿದರೆ ಹುಡುಕಾಟ ಆರಂಭಿಸುವ ಕ್ರಮವನ್ನು ಅವರಿಗೆ ಒಪ್ಪಿಸಬಹುದು. ಅವರ ನಿಯೋಜನೆ ಯೋಜನೆಯೊಂದಿಗೇ ಈ ತಿಂಗಳ ಕೊನೆಗೆ ಮುಗಿಯುವುದರಿಂದ, ಮೂರನೆಯ ತೀರ್ಮಾನವನ್ನು ಅದಕ್ಕೂ ಮೊದಲಿನ ಸಭೆಯಲ್ಲೇ ಕೈಗೊಳ್ಳಬೇಕೆಂದು ವಿನಂತಿಸುತ್ತೇವೆ.