ಸಂವಾದದ ನಿರೂಪಣೆ: ಕೋಲಾರದ ಕೆರೆಗೆ ಬೆಂಗಳೂರಿನ ನೀರು

(5:00) ಎಲ್ಲರಿಗೂ ನಮಸ್ಕಾರ. 5:45ಕ್ಕೆ ಸಭಾಂಗಣ ಬಿಟ್ಟುಕೊಡಬೇಕು. ಹಾಗಾಗಿ ಹಾರ, ಶಾಲು ಇಲ್ಲ. ಹೆಸರುಗಳು ಮೇಜಿನ ಫಲಕದಲ್ಲಿವೆ. ಎಡಕ್ಕೆ ಟೊಮೆಟೊ ಬೆಳೆಗಾರರು, ನಡುವೆ ಅಂತರ್ಜಲ ತಜ್ಞೆ, ಆಚೆ ಸಣ್ಣ ನೀರಾವರಿಯ ನಿವೃತ್ತ ಎಂಜಿನಿಯರ್.

ಒಂದು ಉತ್ತರಕ್ಕೆ 3 ನಿಮಿಷ. ಎರಡೂವರೆಗೆ ಗಂಟೆ, ಮೂರಕ್ಕೆ ಮೈಕ್ ಬಂದ್. ಹಿರಿಯರಿಗೂ ರಿಯಾಯಿತಿ ಇಲ್ಲ, ಕ್ಷಮಿಸಿ.

(5:04) ಮೊದಲ ಪ್ರಶ್ನೆ ರೈತರಿಗೆ. ಅಂತರ್ಜಲ ಏರಿಸಲೆಂದು 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ನೊರೆ ಕಂಡಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಅಣ್ಣಾ, ಇವತ್ತು ನಿಮ್ಮ ಬೋರ್‌ವೆಲ್ ನೀರನ್ನು ಬೆಳೆಗೆ ಬಿಡುತ್ತೀರಿ; ಮನೆಯಲ್ಲಿ ಕುಡಿಯುತ್ತೀರಾ?

(ಗಂಟೆ) ಈ ವಾಕ್ಯ ಮುಗಿಸಿಬಿಡಿ, ಅಣ್ಣಾ.

(5:08, "ಕುಡಿಯಲ್ಲ" ಎಂದರೆ) ಮೇಡಂ, ಈ ಭಯಕ್ಕೆ ಆಧಾರವಿದೆಯೇ?
("ಕುಡಿಯುತ್ತೇವೆ" ಎಂದರೆ) ಮೇಡಂ, ಈ ಧೈರ್ಯ ಸರಿಯೇ?

(5:12) ಸರ್, ಕೊಳಚೆ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡದೆ ಎರಡನೇ ಹಂತದ ಸಂಸ್ಕರಣೆಗೇ ಏಕೆ ನಿಂತಿರಿ? ಯೋಜನೆಯ ಇತಿಹಾಸ ಬೇಡ, ಕಾರಣ ಮಾತ್ರ.

(5:16) ಈಗ ನೀವು ಮೂವರೇ ಮಾತಾಡಿಕೊಳ್ಳಿ. ಒಬ್ಬರಿಗೆ 1 ನಿಮಿಷ.

(5:25) ಸಭಿಕರ ಸರದಿ. ಪ್ರಶ್ನೆ 30 ಸೆಕೆಂಡು. ಭಾಷಣವಾದರೆ ಮೈಕ್ ಮುಂದಿನವರಿಗೆ.

(5:43) ಕೈ ಎತ್ತಿದ್ದವರು ದಯವಿಟ್ಟು ಹೊರಗೆ ಕಾಫಿ ಜತೆ ಕೇಳಿ. ಮೂವರಿಗೂ ವಂದನೆ.